ಸೈಕಲ್ ಕಡ್ಡಿಗಳ ನಡುವಿನ ಗೋಡೆಯನ್ನು ತೆಗೆಯುವುದು ಹೇಗೆ?

ಮಕ್ಕಳೇ, ಕಂಪ್ಯೂಟರಿನಲ್ಲಿ ಒಂದು ಫೋಟೋದಿಂದ ಮಾವಿನಹಣ್ಣನ್ನು ಕತ್ತರಿಸಿ ಬೇರೆ ಚಿತ್ರಕ್ಕೆ ಅಂಟಿಸಿದ್ದೀರಾ? ಅದು ಸುಲಭ. ಹಣ್ಣಿನ ಸುತ್ತ ಒಂದು ಗೆರೆ ಎಳೆದರೆ ಮುಗಿಯಿತು. ಈಗ ಒಂದು ಸೈಕಲ್ಲನ್ನು ಹಾಗೆ ಕತ್ತರಿಸಿ ನೋಡಿ. ಸುತ್ತ ಗೆರೆ ಎಳೆದಾಗ ಸೈಕಲ್ ಹೊರಗೆ ಬರುತ್ತದೆ ನಿಜ, ಆದರೆ ಚಕ್ರದೊಳಗೆ ಕಡ್ಡಿಗಳ ನಡುವೆ ಹಳೆಯ ಗೋಡೆ ಹಾಗೇ ಕೂತಿರುತ್ತದೆ!

ನಮ್ಮ ಶಾಲೆಯಲ್ಲಿ ಆದದ್ದೂ ಇದೇ. ಕಾಸರಗೋಡಿನ ನೀವು ಐಸಿಟಿ ಪಾಠದಲ್ಲಿ ಜಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶವನ್ನು ಬಳಸಿರುತ್ತೀರಿ. ಉಳಿದವರೂ ಅದನ್ನು ಹಣ ಕೊಡದೆ ಹಾಕಿಕೊಳ್ಳಬಹುದು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ವಿಜ್ಞಾನ ಮೇಳಕ್ಕೆ ‘ಸೈಕಲ್ಲಿನಲ್ಲಿರುವ ಸರಳ ಯಂತ್ರಗಳು’ ಎಂಬ ಪೋಸ್ಟರ್ ಮಾಡುತ್ತಿದ್ದಳು. ಅಜ್ಜನ ಹಳೇ ಕಪ್ಪು ಸೈಕಲ್ಲಿನ ಫೋಟೋ ತೆಗೆದು, ಅದನ್ನು ಕಡು ಹಸಿರು ಹಿನ್ನೆಲೆಯ ಮೇಲೆ ಇಡಬೇಕಿತ್ತು. ಗೋಡೆಯ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಅದೇ ಬಣ್ಣದ ಜಾಗವನ್ನೆಲ್ಲ ಆರಿಸಿಕೊಡುವ Fuzzy Select ಉಪಕರಣವನ್ನು ಅವಳು ಹಿಡಿದಳು. ಕ್ಲಿಕ್ ಮಾಡಿದಳು, Delete ಒತ್ತಿದಳು. ಸೈಕಲ್ಲಿನ ಸುತ್ತಲಿನ ಗೋಡೆ ಹೋಯಿತು, ಚಕ್ರದೊಳಗಿನದು ಹೋಗಲಿಲ್ಲ.

ಕಾರಣ ಸರಳ. ಈ ಉಪಕರಣ ನೀವು ಕ್ಲಿಕ್ ಮಾಡಿದ ಜಾಗದಿಂದ ನೀರಿನಂತೆ ಹರಡುತ್ತದೆ. ಟೈರು ಒಂದು ಕಟ್ಟೆಯ ಹಾಗೆ ಅದನ್ನು ತಡೆಯುತ್ತದೆ. ಒಳಗಿನ ಪ್ರತಿಯೊಂದು ಕಿಂಡಿಯೂ ಕಡ್ಡಿಗಳ ಕಟ್ಟೆಯೊಳಗೆ ಬೇರೆ ಬೇರೆ. ಹಳೇ ಮಾದರಿಯ ಸೈಕಲ್ಲಿನ ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಕಡ್ಡಿಗಳಿರುತ್ತವೆ. ಅವು ಒಂದನ್ನೊಂದು ದಾಟಿ ಹೋಗುವುದರಿಂದ ಕಿಂಡಿಗಳು ಎಪ್ಪತ್ತೆರಡಕ್ಕಿಂತಲೂ ಹೆಚ್ಚು. ಅಷ್ಟನ್ನೂ ಒಂದೊಂದಾಗಿ ಕ್ಲಿಕ್ ಮಾಡುತ್ತಾ ಕೂರುವುದೇ?

ಅದಕ್ಕೂ ದಾರಿ ಇದೆ. Select by Color ಎಂಬ ಇನ್ನೊಂದು ಉಪಕರಣ ಕಟ್ಟೆಗಳನ್ನು ಲೆಕ್ಕಿಸದೆ ಚಿತ್ರದಲ್ಲಿ ಎಲ್ಲೆಲ್ಲಿ ಆ ಬಣ್ಣವಿದೆಯೋ ಅಲ್ಲೆಲ್ಲ ಆರಿಸುತ್ತದೆ. ಹುಡುಗಿ ಅದನ್ನೂ ಮಾಡಿದಳು. ಎಲ್ಲ ಕಿಂಡಿಗಳೂ ಒಂದೇ ಸಲಕ್ಕೆ ಖಾಲಿಯಾದವು. ಆದರೆ ಹಸಿರು ಹಿನ್ನೆಲೆ ಹಾಕಿದ ಕೂಡಲೇ, “ಟೀಚರ್, ಕಡ್ಡಿಗಳಿಗೆಲ್ಲ ಸುಣ್ಣ ಬಳಿದ ಹಾಗೆ ಕಾಣ್ತಿದೆ!” ಎಂದಳು. ಪ್ರತಿ ಕಡ್ಡಿಯ ಎರಡೂ ಬದಿಗೆ ಬಿಳಿ ಅಂಚು. ಅದನ್ನು ಹೋಗಿಸಲು ಆಯ್ಕೆಯ ಮಿತಿಯನ್ನು, ಅಂದರೆ Threshold ಅನ್ನು ಹೆಚ್ಚಿಸಿದಳು. ಈಗ ಬಿಳಿ ಅಂಚು ಹೋಯಿತು, ಜೊತೆಗೆ ಕಡ್ಡಿಗಳೂ ಅಲ್ಲಲ್ಲಿ ತುಂಡಾದವು. ಮಿತಿ ಕಡಿಮೆ ಮಾಡಿದರೆ ಸುಣ್ಣ, ಹೆಚ್ಚು ಮಾಡಿದರೆ ಕಡ್ಡಿಯೇ ಇಲ್ಲ. ಇವೆರಡರ ನಡುವೆ ಸರಿಯಾದ ಸಂಖ್ಯೆ ಎಷ್ಟು? ಅಂಥ ಸಂಖ್ಯೆಯೇ ಇಲ್ಲ. ಯಾಕೆ ಇಲ್ಲ ಎಂಬುದೇ ಇಲ್ಲಿನ ವಿಜ್ಞಾನ.

ಒಂದು ಕಡ್ಡಿಗೆ ಎಷ್ಟು ಪಿಕ್ಸೆಲ್?

ಫೋಟೋ ಎಂದರೆ ಚಿಕ್ಕ ಚಿಕ್ಕ ಚೌಕಗಳ ಸಾಲು. ಆ ಚೌಕವೇ ಪಿಕ್ಸೆಲ್. ಒಂದು ಪಿಕ್ಸೆಲ್ಲಿನಲ್ಲಿ ಒಂದೇ ಬಣ್ಣ ಇರಲು ಸಾಧ್ಯ. ಸೈಕಲ್ಲಿನ ಉದ್ದ ಸುಮಾರು 1800 ಮಿಲಿಮೀಟರ್, ಕಡ್ಡಿಯ ದಪ್ಪ ಸುಮಾರು 2 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಫೋಟೋದ ಅಗಲ 4000 ಪಿಕ್ಸೆಲ್ ಇದ್ದು, ಅದರಲ್ಲಿ ಸೈಕಲ್ 3600 ಪಿಕ್ಸೆಲ್ ತುಂಬಿಕೊಂಡಿದ್ದರೆ ಒಂದು ಮಿಲಿಮೀಟರಿಗೆ 2 ಪಿಕ್ಸೆಲ್ ಸಿಕ್ಕಿತು. ಅಂದರೆ ಕಡ್ಡಿಗೆ 4 ಪಿಕ್ಸೆಲ್ ಅಗಲ.

ಈಗ ಅದೇ ಫೋಟೋವನ್ನು ಮೊಬೈಲಿನ ಸಂದೇಶದಲ್ಲಿ ಕಳುಹಿಸಿದಿರಿ, ಅದು 1600 ಪಿಕ್ಸೆಲಿಗೆ ಕುಗ್ಗಿತು ಎನ್ನಿ. ಸೈಕಲ್ಲಿಗೆ ಸಿಗುವುದು 1440 ಪಿಕ್ಸೆಲ್, ಮಿಲಿಮೀಟರಿಗೆ 0.8 ಮಾತ್ರ. ಕಡ್ಡಿಯ ಅಗಲ 1.6 ಪಿಕ್ಸೆಲ್! ಒಂದೂವರೆ ಚೌಕದಷ್ಟು ಅಗಲದ ಓರೆ ಗೆರೆಯನ್ನು ಗ್ರಾಫ್ ಹಾಳೆಯ ಮೇಲೆ ಎಳೆದು ನೋಡಿ. ಪೂರ್ತಿಯಾಗಿ ಗೆರೆಯೊಳಗೆ ಬಿದ್ದ ಚೌಕಗಳು ತೀರಾ ಕಡಿಮೆ ಇರುತ್ತವೆ. ಹೆಚ್ಚಿನವು ಸ್ವಲ್ಪ ಒಳಗೆ, ಸ್ವಲ್ಪ ಹೊರಗೆ.

ನಮ್ಮ ಹುಡುಗಿ ಕೆಲಸ ಮಾಡುತ್ತಿದ್ದುದು ಹೀಗೆ ಕುಗ್ಗಿದ ಫೋಟೋದ ಮೇಲೆ. ಆದ್ದರಿಂದ ಮೊದಲ ಮಾತು: ಫೋಟೋವನ್ನು ಕೇಬಲ್ ಹಾಕಿ ನೇರವಾಗಿ ಕಂಪ್ಯೂಟರಿಗೆ ತನ್ನಿ. ಕಡ್ಡಿಗೆ ನಾಲ್ಕು ಪಿಕ್ಸೆಲ್ ಇದ್ದರೆ ನಡುವಿನ ಎರಡು ಅಥವಾ ಮೂರಾದರೂ ಶುದ್ಧ ಕಡ್ಡಿ ಆಗಿರುತ್ತವೆ. ಆದರೂ ಎರಡು ಅಂಚಿನ ಪಿಕ್ಸೆಲ್ಲುಗಳು ಮಿಶ್ರವೇ. ಹಣ್ಣಿನ ಚಿತ್ರದಲ್ಲಿಯೂ ಇಂಥ ಅಂಚು ಇರುತ್ತದೆ. ಆದರೆ ಅಲ್ಲಿ ಸಾವಿರಾರು ಪಿಕ್ಸೆಲ್ಲಿನ ನಡುವೆ ಅಂಚಿನವು ನಾಲ್ಕು ಕಾಸಿನಷ್ಟು, ಯಾರೂ ಗಮನಿಸುವುದಿಲ್ಲ. ಕಡ್ಡಿಯಲ್ಲಿ ಅರ್ಧಕ್ಕರ್ಧ ಅಂಚೇ!

ಯಾರದ್ದು ಅಲ್ಲ, ಯಾರದ್ದೆಷ್ಟು

ಒಂದು ಅಂಚಿನ ಪಿಕ್ಸೆಲ್ ತೆಗೆದುಕೊಳ್ಳೋಣ. ಬೆಳಕಿನ ಪ್ರಮಾಣವನ್ನು ಕಂಪ್ಯೂಟರ್ 0ಯಿಂದ 255ರ ವರೆಗಿನ ಸಂಖ್ಯೆಯಲ್ಲಿ ಹೇಳುತ್ತದೆ. 0 ಎಂದರೆ ಕಪ್ಪು, 255 ಎಂದರೆ ಬಿಳಿ. ನಮ್ಮ ಗೋಡೆ 240, ಮಂಕಾದ ಕಡ್ಡಿ 40. ಪಿಕ್ಸೆಲ್ಲಿನ ಅರ್ಧ ಭಾಗ ಕಡ್ಡಿ, ಅರ್ಧ ಗೋಡೆ ಇದ್ದರೆ ಲೆಕ್ಕಕ್ಕೆ ಅದು ಸರಾಸರಿ, 140.

ಈ 140ರ ಪಿಕ್ಸೆಲ್ಲನ್ನು ಈಗ 60ರಷ್ಟು ಬೆಳಕಿನ ಕಡು ಹಸಿರಿನ ಮೇಲೆ ಇಡಬೇಕು. ಅಲ್ಲಿ ನಿಜವಾಗಿ ಸೈಕಲ್ ನಿಂತಿದ್ದರೆ ಆ ಚೌಕದಲ್ಲಿ ಅರ್ಧ ಕಡ್ಡಿ, ಅರ್ಧ ಹಸಿರು ಇರುತ್ತಿತ್ತು. 40ರ ಅರ್ಧ 20, 60ರ ಅರ್ಧ 30, ಒಟ್ಟು 50. ಸರಿಯಾದ ಉತ್ತರ 50.

Select by Color ಏನು ಮಾಡಿತು? ಮಿತಿ ಕಡಿಮೆ ಇದ್ದಾಗ ‘ಇದು ಗೋಡೆಯಲ್ಲ’ ಎಂದು ಆ ಪಿಕ್ಸೆಲ್ಲನ್ನು ಪೂರ್ತಿ ಉಳಿಸಿತು. 50 ಇರಬೇಕಾದಲ್ಲಿ 140 ಕೂತಿತು. ಅದೇ ಸುಣ್ಣದ ಗೆರೆ. ಮಿತಿ ಹೆಚ್ಚಾದಾಗ ‘ಇದು ಗೋಡೆ’ ಎಂದು ಪೂರ್ತಿ ಅಳಿಸಿತು. ಕಡ್ಡಿಯ ಪಾಲೂ ಅದರ ಜೊತೆಗೆ ಹೋಯಿತು, ಕಡ್ಡಿ ಸವೆದು ತುಂಡಾಯಿತು. ಹೌದು ಅಥವಾ ಅಲ್ಲ ಎಂದು ಮಾತ್ರ ಹೇಳಬಲ್ಲ ಆಯ್ಕೆ ಇಲ್ಲಿ ಯಾವತ್ತೂ ತಪ್ಪೇ. ಆ ಪಿಕ್ಸೆಲ್ಲನ್ನು ‘ನೀನು ಯಾರಿಗೆ ಸೇರಿದವನು?’ ಎಂದು ಕೇಳಬಾರದು, ‘ನಿನ್ನಲ್ಲಿ ಕಡ್ಡಿಯ ಪಾಲೆಷ್ಟು?’ ಎಂದು ಕೇಳಬೇಕು.

ಆ ಪಾಲನ್ನು ಕಂಡುಹಿಡಿಯುವ ಲೆಕ್ಕ ನಿಮ್ಮ ಏಳನೆಯ ತರಗತಿಯದ್ದೇ. ಗೋಡೆಯಿಂದ ಪಿಕ್ಸೆಲ್ ಎಷ್ಟು ದೂರ? 240 − 140 = 100. ಗೋಡೆಯಿಂದ ಕಡ್ಡಿ ಎಷ್ಟು ದೂರ? 240 − 40 = 200. ನೂರನ್ನು ಇನ್ನೂರರಿಂದ ಭಾಗಿಸಿದರೆ 0.5. ಈ ಸಂಖ್ಯೆಗೆ ಆಲ್ಫಾ ಎಂದು ಹೆಸರು. 1977ರಲ್ಲಿ ನ್ಯೂಯಾರ್ಕ್ ಇನ್ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಕೆಲಸ ಮಾಡುತ್ತಿದ್ದ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ಅವರು ಪ್ರತಿ ಪಿಕ್ಸೆಲ್ಲಿನ ಕೆಂಪು, ಹಸಿರು, ನೀಲಿ ಸಂಖ್ಯೆಗಳ ಜೊತೆಗೆ ಈ ನಾಲ್ಕನೆಯ ಸಂಖ್ಯೆಯನ್ನೂ ಇಟ್ಟುಕೊಳ್ಳುವ ಯೋಚನೆ ತಂದರು. ಇವತ್ತು ನೀವು ನೋಡುವ ಪಾರದರ್ಶಕ ಹಿನ್ನೆಲೆಯ ಚಿತ್ರಗಳೆಲ್ಲ ನಿಂತಿರುವುದು ಆ ಯೋಚನೆಯ ಮೇಲೆ.

ಜಿಂಪ್‌ನಲ್ಲಿ ಮಾಡುವ ಕ್ರಮ

ಲಕ್ಷಗಟ್ಟಲೆ ಪಿಕ್ಸೆಲ್ಲಿಗೆ ಈ ಭಾಗಾಕಾರವನ್ನು ನಾವು ಮಾಡಬೇಕಿಲ್ಲ. ಫೋಟೋ ತಾನೇ ಅದನ್ನು ಹೇಳುತ್ತದೆ, ಯಾಕೆಂದರೆ ಪಿಕ್ಸೆಲ್ ಕಪ್ಪಾದಷ್ಟೂ ಅದರಲ್ಲಿ ಕಡ್ಡಿಯ ಪಾಲು ಹೆಚ್ಚು. ಹಾಗಾದರೆ ಫೋಟೋದ ಕಪ್ಪು-ಬಿಳುಪು ಪ್ರತಿಯನ್ನೇ ಮುಸುಕಾಗಿ ಬಳಸಬಹುದಲ್ಲ! ಮುಸುಕು, ಅಂದರೆ ಮಾಸ್ಕ್, ಪದರದ ಮೇಲೆ ಹೊದಿಸುವ ಒಂದು ಬೂದು ಚಿತ್ರ. ಅದು ಬಿಳಿ ಇದ್ದಲ್ಲಿ ಪದರ ಪೂರ್ತಿ ಕಾಣುತ್ತದೆ, ಕಪ್ಪು ಇದ್ದಲ್ಲಿ ಕಾಣುವುದಿಲ್ಲ, ಬೂದು ಇದ್ದಲ್ಲಿ ಅರೆಬರೆ ಕಾಣುತ್ತದೆ.

ಮೊದಲು ಸೈಕಲ್ ಪದರದ ಕೆಳಗೆ ಕಡು ಹಸಿರು ತುಂಬಿದ ಹೊಸ ಪದರವೊಂದನ್ನು ಇಡಿ. ಅನಂತರ ಸೈಕಲ್ ಪದರದ ಮೇಲೆ ನಿಂತು Layer → Mask → Add Layer Mask ಒತ್ತಿ. ಬರುವ ಪಟ್ಟಿಯಲ್ಲಿ Grayscale copy of layer ಆರಿಸಿ, ಕೆಳಗಿರುವ Invert mask ಎಂಬುದಕ್ಕೂ ಗುರುತು ಹಾಕಿ. ನಮಗೆ ಕಪ್ಪು ಕಡ್ಡಿ ಉಳಿಯಬೇಕು, ಬಿಳಿ ಗೋಡೆ ಹೋಗಬೇಕು, ಅದಕ್ಕೇ ತಿರುವುಮುರುವು ಮಾಡುವುದು. ಈಗ ಮುಸುಕಿನಲ್ಲಿ 240ರ ಗೋಡೆ 15 ಆಗಿದೆ, 40ರ ಕಡ್ಡಿ 215 ಆಗಿದೆ. ಕಡ್ಡಿ ಪೂರ್ತಿ ಗಟ್ಟಿಯಲ್ಲ, ಗೋಡೆ ಪೂರ್ತಿ ಮಾಯವೂ ಅಲ್ಲ, ಎಲ್ಲ ಮಂಜುಮಂಜು.

ಮಂಜನ್ನು ಸರಿಸುವುದು Levels ಕೆಲಸ. ಪದರಗಳ ಪಟ್ಟಿಯಲ್ಲಿ ಮುಸುಕಿನ ಚಿಕ್ಕ ಚಿತ್ರದ ಮೇಲೆ ಕ್ಲಿಕ್ ಮಾಡಿ. ಇದನ್ನು ಮರೆತರೆ ಮುಸುಕಿನ ಬದಲು ಫೋಟೋ ತಿದ್ದಿಹೋಗುತ್ತದೆ. ಆಮೇಲೆ Colors → Levels ತೆರೆಯಿರಿ. ಎಡಗಡೆಯ ಕಪ್ಪು ತ್ರಿಕೋನವನ್ನು 15ಕ್ಕೂ ಬಲಗಡೆಯ ಬಿಳಿ ತ್ರಿಕೋನವನ್ನು 215ಕ್ಕೂ ಸರಿಸಿ. 15ಕ್ಕಿಂತ ಕೆಳಗಿನದೆಲ್ಲ ಶುದ್ಧ ಕಪ್ಪು, 215ರ ಮೇಲಿನದೆಲ್ಲ ಶುದ್ಧ ಬಿಳಿ ಆಯಿತು. ನಮ್ಮ ಅಂಚಿನ ಪಿಕ್ಸೆಲ್ ಮುಸುಕಿನಲ್ಲಿ 115 ಇತ್ತು. 115ರಿಂದ 15 ಕಳೆದು 200ರಿಂದ ಭಾಗಿಸಿದರೆ? ಅದೇ 0.5! ನಾವು ಕಾಗದದ ಮೇಲೆ ಮಾಡಿದ ಭಾಗಾಕಾರವನ್ನೇ Levels ಎಲ್ಲ ಪಿಕ್ಸೆಲ್ಲಿಗೂ ಒಂದೇ ಸಲಕ್ಕೆ ಮಾಡಿತು.

ನಿಮ್ಮ ಗೋಡೆ ಎಲ್ಲ ಕಡೆ 240 ಇರುವುದಿಲ್ಲ. ಒಂದು ಮೂಲೆಯಲ್ಲಿ 225 ಇದ್ದರೆ ಅಲ್ಲಿ ಮಸುಕಾದ ಕಲೆ ಉಳಿಯುತ್ತದೆ. ಆಗ ಕಪ್ಪು ತ್ರಿಕೋನವನ್ನು 30ರ ವರೆಗೆ ತನ್ನಿ. ಹೀಗೆ ಮಾಡಿದಷ್ಟೂ ಕಡ್ಡಿಯ ತೆಳು ಅಂಚು ಸ್ವಲ್ಪ ಸವೆಯುತ್ತದೆ, ಆದ್ದರಿಂದ ಬೇಕಾದಷ್ಟೇ ಸರಿಸಿ. ಇನ್ನೊಂದು ಮಾತು: ಕ್ಯಾಮೆರಾ ಬರೆದಿಡುವ ಸಂಖ್ಯೆ ಬೆಳಕಿನ ಜೊತೆ ಸಮನಾಗಿ ಏರುವುದಿಲ್ಲ. ಹೀಗಾಗಿ ನಿಜವಾದ ಫೋಟೋದಲ್ಲಿ ಅರ್ಧ ಕಡ್ಡಿ ಇರುವ ಪಿಕ್ಸೆಲ್ 140ಕ್ಕಿಂತ ಬೆಳ್ಳಗಿರುತ್ತದೆ, ಮುಸುಕು ಅದರ ಪಾಲನ್ನು ಕಡಿಮೆ ಎಣಿಸುತ್ತದೆ. ಕಡ್ಡಿಗಳು ಮೂಲ ಫೋಟೋಕ್ಕಿಂತ ತೆಳ್ಳಗೆ ಕಂಡರೆ ನಡುವಿನ ಬೂದು ತ್ರಿಕೋನವನ್ನು ಸ್ವಲ್ಪ ಎಡಕ್ಕೆ ಸರಿಸಿ ಸರಿಪಡಿಸಿ.

ಈ ಮುಸುಕು ಚಕ್ರದ ಒಳಗೆ ಮಾತ್ರ ನಂಬಿಕೆಗೆ ಯೋಗ್ಯ. ಸೈಕಲ್ಲಿನ ಬೇರೆ ಕಡೆ ಹೊಳೆಯುವ ಬೆಲ್, ಬಿಳಿ ಸ್ಟಿಕ್ಕರ್ ಇದ್ದರೆ ಮುಸುಕು ಅವನ್ನೂ ಗೋಡೆ ಎಂದುಕೊಂಡು ತೂತು ಮಾಡಿರುತ್ತದೆ. ಹಾಗಾಗಿ ಫ್ರೇಮ್, ಸೀಟು, ಟೈರುಗಳ ಮೇಲೆ ಮುಸುಕಿನಲ್ಲಿ ಬಿಳಿ ಬಣ್ಣ ಬಳಿಯಿರಿ. ಸೈಕಲ್ಲಿನಿಂದ ದೂರದ ನೆಲ, ಗಿಡ ಮುಂತಾದವುಗಳ ಮೇಲೆ ಕಪ್ಪು ಬಳಿಯಿರಿ.

ಮುಸುಕು ಸರಿ ಇದ್ದರೂ ಉಳಿಯುವ ಸುಣ್ಣ

ಇಷ್ಟು ಮಾಡಿ ನಮ್ಮ ಹುಡುಗಿ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಕಡ್ಡಿಗಳೆಲ್ಲ ಇದ್ದವು, ತುಂಡಾಗಿರಲಿಲ್ಲ. ಆದರೆ ಅಂಚಿನಲ್ಲಿ ಇನ್ನೂ ತುಸು ಬಿಳುಪು. ಲೆಕ್ಕ ಮಾಡಿದರೆ ಗೊತ್ತಾಗುತ್ತದೆ. ಪಾಲು 0.5 ಎಂಬುದೇನೋ ಸರಿ, ಆದರೆ ಆ ಪಿಕ್ಸೆಲ್ಲಿನ ಬಣ್ಣ ಈಗಲೂ 140. ಅದರ ಅರ್ಧ 70, ಹಸಿರಿನ ಅರ್ಧ 30, ಸೇರಿ 100. ಬೇಕಾದದ್ದು 50. ಪಾಲು ಸರಿಹೋದರೂ ಬಣ್ಣದೊಳಗೆ ಹಳೇ ಗೋಡೆ ಬೆರೆತೇ ಇದೆ, ಹಾಲಿಗೆ ಬೆರೆತ ನೀರಿನ ಹಾಗೆ.

ಇದಕ್ಕೆ ಮದ್ದು ಬಹಳ ಸುಲಭ. ಈಗ ಮುಸುಕನ್ನು ಬಿಟ್ಟು ಪದರದ ಚಿತ್ರದ ಮೇಲೆ ಕ್ಲಿಕ್ ಮಾಡಿ. Color Picker ಹಿಡಿದು ಒಂದು ಕಡ್ಡಿಯ ನಡುಮಧ್ಯದಿಂದ ಬಣ್ಣ ತೆಗೆದುಕೊಳ್ಳಿ. ದೊಡ್ಡ ಮೆತ್ತನೆಯ ಕುಂಚದಿಂದ ಚಕ್ರದೊಳಗೆಲ್ಲ, ಕಡ್ಡಿ ಕಿಂಡಿ ಎನ್ನದೆ, ಅದೇ ಬಣ್ಣ ಬಳಿದುಬಿಡಿ. ಹೆದರಬೇಡಿ! ಕಿಂಡಿಗಳಲ್ಲಿ ಮುಸುಕು ಕಪ್ಪಾಗಿರುವುದರಿಂದ ಬಳಿದದ್ದು ಕಾಣುವುದೇ ಇಲ್ಲ. ಕಡ್ಡಿಯ ಆಕಾರವನ್ನು ಮುಸುಕು ಕೊಡುತ್ತದೆ, ಬಣ್ಣವನ್ನು ಮಾತ್ರ ನೀವು ಕೊಡುತ್ತೀರಿ. 140 ಇದ್ದಲ್ಲಿ 40 ಬಂತು. 20ಕ್ಕೆ 30 ಸೇರಿ 50 ಆಯಿತು. ಎಲ್ಲ ಕಡ್ಡಿಗೂ ಒಂದೇ ಬಣ್ಣವಾದರೆ ಚಪ್ಪಟೆಯಾಗಿ ಕಾಣುತ್ತದೆ. ಅದಕ್ಕೆ ಚಕ್ರದ ಮೇಲ್ಭಾಗದಲ್ಲಿ ಅಲ್ಲಿನ ಕಡ್ಡಿಯ ಬಣ್ಣ, ಕೆಳಭಾಗದಲ್ಲಿ ಅಲ್ಲಿನದು, ಹೀಗೆ ಮೂರ್ನಾಲ್ಕು ಸಲ ಬಣ್ಣ ತೆಗೆದುಕೊಂಡು ಬಳಿಯಿರಿ. ಹಬ್ ಮತ್ತು ರಿಮ್ ಮೇಲೆ ಮಾತ್ರ ಕುಂಚ ಹೋಗದಂತೆ ನೋಡಿಕೊಳ್ಳಿ.

ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಕೆಳಗಿನ ಪದರವನ್ನು ಒಮ್ಮೆ ಪೂರ್ತಿ ಕಪ್ಪು, ಒಮ್ಮೆ ಪೂರ್ತಿ ಬಿಳಿ ಮಾಡಿ ನೋಡಿ. ಕಪ್ಪಿನ ಮೇಲೆ ಉಳಿದ ಸುಣ್ಣ ಎದ್ದು ಕಾಣುತ್ತದೆ. ಬಿಳಿಯ ಮೇಲೆ ತುಂಡಾದ ಕಡ್ಡಿ ಸಿಕ್ಕಿಬೀಳುತ್ತದೆ. ಎರಡರಲ್ಲೂ ಪಾಸಾದರೆ ಯಾವ ಬಣ್ಣದ ಮೇಲೂ ಇಡಬಹುದು.

ಕೈಕೊಡುವುದು ಎಲ್ಲೆಲ್ಲಿ?

ಹುಡುಗಿಯ ಮೊದಲ ಫೋಟೋದಲ್ಲಿ ಈ ಕ್ರಮವೂ ಸೋತಿತ್ತು. ಸೈಕಲ್ಲನ್ನು ಗೋಡೆಗೆ ಒರಗಿಸಿ ಸಂಜೆ ನಾಲ್ಕರ ಬಿಸಿಲಿನಲ್ಲಿ ತೆಗೆದ ಫೋಟೋ ಅದು. ಗೋಡೆಯ ಮೇಲೆ ಕಡ್ಡಿಗಳ ನೆರಳು ಬಿದ್ದು ಒಂದಕ್ಕೆರಡು ಕಡ್ಡಿಗಳಾಗಿದ್ದವು. ಕಪ್ಪಾದದ್ದೆಲ್ಲ ಕಡ್ಡಿ ಎಂದು ನಂಬುವ ಮುಸುಕಿಗೆ ನೆರಳು ಯಾವುದು, ಕಡ್ಡಿ ಯಾವುದು ಎಂದು ಗೊತ್ತಾಗುವುದಿಲ್ಲ. ಕಂಪ್ಯೂಟರಿನಲ್ಲಿ ಎರಡು ಗಂಟೆ ಒದ್ದಾಡುವ ಬದಲು ಅವಳು ಮರುದಿನ ಸೈಕಲ್ಲನ್ನು ಗೋಡೆಯಿಂದ ಹತ್ತಡಿ ಮುಂದೆ ತಂದು, ಸ್ಟ್ಯಾಂಡ್ ಹಾಕಿ, ನೆರಳಿನ ಹೊತ್ತಿನಲ್ಲಿ ಮತ್ತೊಂದು ಫೋಟೋ ತೆಗೆದಳು. ಮೇಲಿನ ಕೆಲಸವೆಲ್ಲ ನಡೆದದ್ದು ಆ ಎರಡನೆಯ ಫೋಟೋದ ಮೇಲೆ. ಬಿಳಿ ಗೋಡೆ ಸಿಗದಿದ್ದರೆ ಹಗ್ಗದ ಮೇಲೆ ಬಿಳಿ ಪಂಚೆ ಹರವಿದರೂ ಸಾಕು.

ಹೊಸ ಸೈಕಲ್ಲಿನ ಹೊಳೆಯುವ ಕಡ್ಡಿಗಳದ್ದು ಇನ್ನೊಂದು ತೊಂದರೆ. ಆಕಾಶ ಪ್ರತಿಫಲಿಸಿದ ಕಡೆ ಕಡ್ಡಿ ಗೋಡೆಯಷ್ಟೇ ಬೆಳ್ಳಗಿರುತ್ತದೆ, ಮುಸುಕಿನಲ್ಲಿ ಅಲ್ಲಿ ಗೆರೆ ತುಂಡಾಗುತ್ತದೆ. ಆದರೆ ಕಡ್ಡಿಯ ಬಗ್ಗೆ ನಮಗೆ ಒಂದು ಸಂಗತಿ ಮೊದಲೇ ಗೊತ್ತು: ಅದು ನೇರವಾಗಿರುತ್ತದೆ. ಮುಸುಕಿನ ಮೇಲೆ 4 ಪಿಕ್ಸೆಲ್ ಅಗಲದ ಕುಂಚದಲ್ಲಿ ಬಿಳಿ ಬಣ್ಣ ತೆಗೆದುಕೊಂಡು ಕಡ್ಡಿಯ ಹಬ್ ತುದಿಯಲ್ಲಿ ಕ್ಲಿಕ್ ಮಾಡಿ, Shift ಒತ್ತಿ ಹಿಡಿದು ರಿಮ್ ತುದಿಯಲ್ಲಿ ಕ್ಲಿಕ್ ಮಾಡಿ. ನಡುವೆ ನೇರ ಗೆರೆ ತಾನೇ ಬೀಳುತ್ತದೆ. ಶಾಲೆಯ ಗೇಟಿನ ಸರಳು, ಮೆಟ್ಟಿಲ ಕೈಕಂಬಿ ಇವಕ್ಕೂ ಇದೇ ಉಪಾಯ ನಡೆಯುತ್ತದೆ.

ಕೊನೆಗೆ ತಂತಿ ಜಾಲರಿ. ಕೋಳಿಗೂಡಿನ ದೊಡ್ಡ ಕಣ್ಣಿನ ಜಾಲರಿಯನ್ನು ಸೈಕಲ್ಲಿನಂತೆಯೇ ಕತ್ತರಿಸಬಹುದು. ಕಿಟಕಿಯ ಸೊಳ್ಳೆ ಜಾಲರಿಯನ್ನು ದೂರದಿಂದ ತೆಗೆದಾಗ ಮಾತ್ರ ಒಂದು ಪಿಕ್ಸೆಲ್ಲಿನೊಳಗೇ ತಂತಿ, ಕಿಂಡಿ ಎರಡೂ ಸೇರಿಹೋಗಿರುತ್ತವೆ. ಅಲ್ಲಿ ಆರಿಸಲು ಕಿಂಡಿಯೇ ಇಲ್ಲ. ತಂತಿಯಿಂದ ತಂತಿಗೆ 1.5 ಮಿಲಿಮೀಟರ್, ತಂತಿಯ ದಪ್ಪ 0.25 ಮಿಲಿಮೀಟರ್ ಎಂದಿಟ್ಟುಕೊಂಡರೆ ಕಿಂಡಿಯ ಬದಿ 1.25. ಕಿಂಡಿಯ ಪಾಲು 1.25 × 1.25 ಭಾಗಿಸು 1.5 × 1.5, ಅಂದರೆ ಸುಮಾರು 0.69. ತಂತಿಯ ಪಾಲು ಉಳಿದ 0.31. ಆಗ ಜಾಲರಿ ಇರುವ ಜಾಗಕ್ಕೆಲ್ಲ ಮುಸುಕಿನಲ್ಲಿ 255ರ 0.31 ಪಾಲು, ಅಂದರೆ ಸುಮಾರು 79ರ ಒಂದೇ ಬೂದು ಬಣ್ಣ ತುಂಬಿ, ಪದರಕ್ಕೆ ತಂತಿಯ ಬಣ್ಣ ಬಳಿದರೆ ಮುಗಿಯಿತು. ಒಂದೂ ಕಿಂಡಿ ಆರಿಸದೆ ಜಾಲರಿ ಹೊಸ ಹಿನ್ನೆಲೆಯ ಮೇಲೆ ಕೂರುತ್ತದೆ.

ಮಾಡಿ ನೋಡಿ

1. ಗ್ರಾಫ್ ಹಾಳೆಯ ಮೇಲೆ ಒಂದೂವರೆ ಚೌಕ ಅಗಲದ ಓರೆ ಪಟ್ಟಿಯೊಂದನ್ನು ಬರೆಯಿರಿ. ಪಟ್ಟಿ ಮುಟ್ಟಿದ ಪ್ರತಿ ಚೌಕದಲ್ಲಿ ಅದರ ಪಾಲು ಎಷ್ಟೆಂದು ಅಂದಾಜಿಸಿ ಬರೆಯಿರಿ. ಪೂರ್ತಿ 1 ಸಿಕ್ಕಿದ ಚೌಕಗಳೆಷ್ಟು?

2. ಗೋಡೆ 220, ಕಂಬಿ 20, ಅಂಚಿನ ಪಿಕ್ಸೆಲ್ 170. ಕಂಬಿಯ ಪಾಲೆಷ್ಟು? ಈ ಪಿಕ್ಸೆಲ್ಲನ್ನು 100ರ ಹಿನ್ನೆಲೆಯ ಮೇಲೆ ಇಟ್ಟರೆ ಯಾವ ಸಂಖ್ಯೆ ಬರಬೇಕು?

3. ನಿಮ್ಮ ಶಾಲೆಯ ಗೇಟನ್ನು ಒಮ್ಮೆ ಹತ್ತು ಅಡಿಯಿಂದ, ಒಮ್ಮೆ ಐವತ್ತು ಅಡಿಯಿಂದ ಫೋಟೋ ತೆಗೆಯಿರಿ. ಎರಡನ್ನೂ ಕಂಪ್ಯೂಟರಿನಲ್ಲಿ 800% ದೊಡ್ಡದು ಮಾಡಿ ಒಂದು ಸರಳಿಗೆ ಎಷ್ಟು ಪಿಕ್ಸೆಲ್ ಎಂದು ಎಣಿಸಿ.

ಎರಡನೆಯ ಲೆಕ್ಕದ ಉತ್ತರ: ಪಾಲು 0.25, ಬರಬೇಕಾದ ಸಂಖ್ಯೆ 80. ನಿಮಗೆ 117.5 ಬಂದಿದ್ದರೆ ಹಳೇ ಗೋಡೆ ಇನ್ನೂ ಬಣ್ಣದೊಳಗೆ ಕೂತಿದೆ ಎಂದರ್ಥ!